ಚಾರಣದ ವಾಚಿನ ಜಿಪಿಎಕ್ಸ್ ಕಡತ: ದಾರಿ ಕಾಣದಿದ್ದರೆ, ಎತ್ತರ ತಪ್ಪಿದರೆ

ಕುಕ್ಕೆಯಿಂದ ಕುಮಾರಪರ್ವತ ಹತ್ತಿ ಇಳಿದು ಬಂದಿದ್ದೀರಿ. ವಾಚಿನಿಂದ ಜಿಪಿಎಕ್ಸ್ ಕಡತ ತೆಗೆದು ನೋಡಿದರೆ ದಾರಿಯೇ ಇಲ್ಲ, ಅಥವಾ ದಾರಿ ಇದ್ದರೂ ಏರಿಳಿತದ ರೇಖೆ ಸಪಾಟಾಗಿದೆ, ಅಥವಾ 1712 ಮೀಟರಿನ ಶಿಖರ 1650ಕ್ಕೇ ನಿಂತಿದೆ. ದೋಷ ಇರುವುದು ಮೂರರಲ್ಲಿ ಒಂದು ಕಡೆ: ಕಡತದಲ್ಲಿ, ಅದನ್ನು ತೋರಿಸುವ ಆ್ಯಪಿನಲ್ಲಿ, ಇಲ್ಲವೇ ವಾಚು ಎತ್ತರ ಅಳೆದ ರೀತಿಯಲ್ಲಿ. ಹೆಚ್ಚಿನವರು ಆ್ಯಪ್ ಮೇಲೆ ಆ್ಯಪ್ ಬದಲಿಸುತ್ತಾ ಸಂಜೆ ಕಳೆಯುತ್ತಾರೆ. ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಎರಡು ನಿಮಿಷ ನೋಡಿದರೆ ಯಾವ ಕಡೆ ಹುಡುಕಬೇಕೆಂಬುದು ಗೊತ್ತಾಗುತ್ತದೆ. ಜಿಪಿಎಕ್ಸ್ ಬರಿಯ ಪಠ್ಯ, ಅದರಲ್ಲಿ ಗುಟ್ಟು ಏನೂ ಇಲ್ಲ.

ಏನನ್ನಾದರೂ ತಿದ್ದುವ ಮುಂಚೆ ಮೂಲ ಕಡತದ ಒಂದು ಪ್ರತಿ ಬೇರೆ ಕಡೆ ಇಡಿ, ವಾಚಿನಲ್ಲಿರುವ ದಾಖಲೆಯನ್ನು ಅಳಿಸಬೇಡಿ. ಮುಂದಿನದೆಲ್ಲವನ್ನೂ ಪ್ರತಿಯ ಮೇಲೆಯೇ ಮಾಡಿ.

## ಕಡತ ತೆರೆಯುವುದೇ ಇಲ್ಲ

ಮೊದಲು ಹೆಸರಿನ ಬಾಲ ನೋಡಿ. ಮೊಬೈಲಿನಲ್ಲಿ ಇಳಿಸಿಕೊಂಡಾಗ ಅಥವಾ ಸಂದೇಶದಲ್ಲಿ ಕಳಿಸಿದಾಗ `.gpx` ಇದ್ದದ್ದು `.gpx.xml` ಅಥವಾ `.gpx.txt` ಆಗಿರುವುದುಂಟು. ಒಳಗಿನದು ಸರಿಯಾಗಿಯೇ ಇರುತ್ತದೆ. ಕೊನೆಯ ಬಾಲವನ್ನು ಕತ್ತರಿಸಿ ಹೆಸರು ಬದಲಿಸಿದರೆ ಸಾಕು.

ಹೆಸರು ಸರಿಯಿದ್ದರೆ ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಸಾಲು ನೋಡಿ. ಅಲ್ಲಿ `<?xml` ಎಂದೋ `<gpx` ಎಂದೋ ಇರಬೇಕು. `<!DOCTYPE html` ಎಂದಿದ್ದರೆ ನೀವು ಇಳಿಸಿಕೊಂಡದ್ದು ದಾಖಲೆಯನ್ನಲ್ಲ, ಲಾಗಿನ್ ಪುಟವನ್ನು. ಮತ್ತೆ ಲಾಗಿನ್ ಆಗಿ ಇಳಿಸಿಕೊಳ್ಳಿ. `PK` ಎಂಬ ಎರಡಕ್ಷರದಿಂದ ಶುರುವಾದರೆ ಅದು ಜಿಪ್ ಕಡತ, ಬಿಚ್ಚಬೇಕು. ಅರ್ಥವಾಗದ ಚಿಹ್ನೆಗಳ ನಡುವೆ ಮೊದಲ ಸಾಲಿನಲ್ಲೇ `.FIT` ಎಂಬ ಅಕ್ಷರಗಳು ಕಂಡರೆ ಅದು ವಾಚಿನ ಮೂಲ ದಾಖಲೆ. ಅದರ ಹೆಸರನ್ನು `.gpx` ಎಂದು ಬದಲಿಸಿದ ಮಾತ್ರಕ್ಕೆ ಅದು ಜಿಪಿಎಕ್ಸ್ ಆಗುವುದಿಲ್ಲ. ವಾಚಿನ ಕಂಪನಿಯ ಆ್ಯಪಿಗೆ ಹೋಗಿ ಜಿಪಿಎಕ್ಸ್ ರೂಪದಲ್ಲೇ ರಫ್ತು ಮಾಡಿಸಿಕೊಳ್ಳಬೇಕು.

ಮೊದಲ ಸಾಲು ಸರಿಯಿದ್ದರೆ ನೇರ ಕೊನೆಗೆ ಹೋಗಿ. ಕೊನೆಯಲ್ಲಿ `</gpx>` ಇಲ್ಲದಿದ್ದರೆ ಕಡತ ಅರ್ಧಕ್ಕೇ ತುಂಡಾಗಿದೆ. ಇಳಿಸಿಕೊಳ್ಳುವಾಗ ನೆಟ್‌ವರ್ಕ್ ಹೋದರೆ, ಕಾಡಿನಲ್ಲಿ ಬ್ಯಾಟರಿ ಸತ್ತರೆ ಹೀಗಾಗುತ್ತದೆ. ಮೊದಲು ಮತ್ತೊಮ್ಮೆ ಇಳಿಸಿಕೊಂಡು ನೋಡಿ. ಆಗಲೂ ತುಂಡಾಗಿಯೇ ಬಂದರೆ, ಪೂರ್ತಿಯಾಗಿರುವ ಕೊನೆಯ `</trkpt>` ಎಲ್ಲಿದೆಯೋ ಅದರ ನಂತರ ಇರುವುದನ್ನೆಲ್ಲ ಅಳಿಸಿ ಈ ಸಾಲು ಸೇರಿಸಿ:

```xml
</trkseg></trk></gpx>
```

ಅಲ್ಲಿಯವರೆಗಿನ ದಾರಿ ತೆರೆದುಕೊಳ್ಳುತ್ತದೆ. ಕಳೆದುಹೋದ ಭಾಗ ಇದರಿಂದ ಮರಳಿ ಬರುವುದಿಲ್ಲ.

ಆರಂಭ, ಅಂತ್ಯ ಎರಡೂ ಸರಿಯಿದ್ದೂ ತೆರೆಯದಿದ್ದರೆ `<name>` ಸಾಲನ್ನು ನೋಡಿ. ಚಾರಣಕ್ಕೆ ಹೆಸರಿಡುವಾಗ `Kukke & KP` ಎಂದು ಬರೆದು, ರಫ್ತು ಮಾಡಿದ ಆ್ಯಪ್ ಅದನ್ನು ಹಾಗೆಯೇ ಬಿಟ್ಟಿದ್ದರೆ ಆ ಒಂದು `&` ಇಡೀ ಕಡತವನ್ನು ಕೆಡಿಸುತ್ತದೆ. ಅದನ್ನು `&amp;` ಎಂದು ತಿದ್ದಿ.

## ತೆರೆಯುತ್ತದೆ, ಆದರೆ ದಾರಿ ಕಾಣುವುದಿಲ್ಲ ಅಥವಾ ಎಲ್ಲೋ ಕಾಣುತ್ತದೆ

ಸರಿಯಾದ ಒಂದು ಬಿಂದು ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಕುಕ್ಕೆಯ ಕಡೆಯಿಂದ ಹೊರಟ ನಡಿಗೆಯದು ಹೀಗಿರುತ್ತದೆ:

```xml
<trkpt lat="12.66412" lon="75.61873">
  <ele>124.6</ele>
  <time>2024-11-16T01:12:05Z</time>
</trkpt>
```

ಮೊದಲ ಸಾಲಿನಲ್ಲಿ ಅಕ್ಷಾಂಶ, ರೇಖಾಂಶ. ಎರಡನೆಯದು ಮೀಟರಿನಲ್ಲಿ ಎತ್ತರ. ಮೂರನೆಯದು ಸಮಯ. ಕೊನೆಯ `Z` ಅಕ್ಷರ ಅದು ಗ್ರೀನ್‌ವಿಚ್ ಸಮಯ ಎನ್ನುತ್ತದೆ. ಐದೂವರೆ ಗಂಟೆ ಸೇರಿಸಿದರೆ ನಮ್ಮ ಬೆಳಗಿನ 6.42. ಆ್ಯಪ್ ನಿಮ್ಮನ್ನು ನಡುರಾತ್ರಿ ಒಂದಕ್ಕೆ ಬೆಟ್ಟ ಹತ್ತಿಸಿದ್ದರೆ ಅದು ಆ್ಯಪಿನ ಕಾಲವಲಯದ ಸೆಟ್ಟಿಂಗ್, ಕಡತದ ದೋಷವಲ್ಲ.

ಈಗ ಕಡತದಲ್ಲಿ `trkpt` ಎಂದು ಹುಡುಕಿ. ಒಂದೂ ಸಿಗದೆ ಬರೀ `rtept` ಅಥವಾ `wpt` ಸಿಕ್ಕರೆ ನಿಮ್ಮ ಕೈಯಲ್ಲಿರುವುದು ನಡೆದ ದಾಖಲೆಯಲ್ಲ, ಹೋಗುವ ಮುಂಚೆ ಹಾಕಿಕೊಂಡ ಯೋಜನೆ ಅಥವಾ ಗುರುತು ಹಾಕಿದ ತಾಣಗಳು. ಗಾತ್ರದಿಂದಲೂ ಇದನ್ನು ಊಹಿಸಬಹುದು. ಸೆಕೆಂಡಿಗೊಂದು ಬಿಂದುವಿನಂತೆ ಒಂಬತ್ತು ಗಂಟೆ ನಡೆದರೆ ಮೂವತ್ತೆರಡು ಸಾವಿರ ಬಿಂದುಗಳಾಗುತ್ತವೆ, ಕಡತ ಕೆಲವು ಎಂಬಿ ತೂಗುತ್ತದೆ. ನಾಲ್ಕೈದು ಕೆಬಿಯ ಕಡತದಲ್ಲಿ ಇಡೀ ದಿನದ ನಡಿಗೆ ಇರಲು ಸಾಧ್ಯವಿಲ್ಲ.

ದಾರಿ ನಾರ್ವೆಯ ಉತ್ತರಕ್ಕೆ ಸಮುದ್ರದ ನಡುವೆ ಬಿದ್ದಿದ್ದರೆ ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ಕರ್ನಾಟಕದ ಯಾವುದೇ ಬಿಂದುವಿನಲ್ಲಿ `lat` 11ರಿಂದ 19ರ ಒಳಗೆ, `lon` 74ರಿಂದ 79ರ ಒಳಗೆ ಇರಬೇಕು. ವಾಚು ತಾನಾಗಿ ಈ ತಪ್ಪು ಮಾಡುವುದು ಅಪರೂಪ. ಯಾರೋ ಎಕ್ಸೆಲ್ ಹಾಳೆಯಿಂದ ಪರಿವರ್ತಿಸಿದ ಕಡತಗಳಲ್ಲಿ ಇದು ಹೆಚ್ಚು.

ದಾರಿ ಕಣಿವೆಯನ್ನು ಸರಳರೇಖೆಯಲ್ಲಿ ದಾಟಿದ್ದರೆ ಆ ರೇಖೆಯ ಎರಡು ತುದಿಗಳ ಸಮಯ ನೋಡಿ. ನಡುವೆ ಇಪ್ಪತ್ತು ನಿಮಿಷ ಕಾಣೆಯಾಗಿದ್ದರೆ ಅಲ್ಲಿ ಉಪಗ್ರಹದ ಸಂಕೇತ ಸಿಕ್ಕಿಲ್ಲ ಅಥವಾ ವಾಚು ವಿರಾಮದಲ್ಲಿತ್ತು. ಆ ಗೆರೆಯನ್ನು ನಂಬಿ ಮುಂದಿನ ಸಲ ನಡೆಯಬೇಡಿ, ಅಂಥ ಕಡತವನ್ನು ಬೇರೆಯವರಿಗೆ ದಾರಿಗೆಂದು ಕೊಡಲೂಬೇಡಿ. ಆ ಗೆರೆಯ ಕೆಳಗೆ ಬಂಡೆಯ ಅಂಚಿದೆಯೋ ಶೋಲೆ ಕಾಡಿದೆಯೋ ಕಡತಕ್ಕೆ ಗೊತ್ತಿಲ್ಲ.

## ಏರಿಳಿತದ ರೇಖೆ ಇಲ್ಲ, ಅಥವಾ ಪೂರ್ತಿ ಸಪಾಟು

`<ele>` ಎಂದು ಹುಡುಕಿ. ಸಿಗದಿದ್ದರೆ, ಅಥವಾ ಎಲ್ಲ ಕಡೆ `<ele>0</ele>` ಎಂದೇ ಇದ್ದರೆ ಕಡತದಲ್ಲಿ ಎತ್ತರವೇ ಇಲ್ಲ. ಆಗ ಇರುವ ದಾರಿ ಒಂದೇ: gpx.studio ಥರದ ಕಡೆ ಕಡತವನ್ನು ಹಾಕಿ, ನೆಲದ ಎತ್ತರದ ನಕ್ಷೆಯಿಂದ ಅಂಕಿಗಳನ್ನು ತುಂಬಿಸಿಕೊಳ್ಳುವುದು. ಹಾಗೆ ತುಂಬಿದ್ದು ನಿಮ್ಮ ವಾಚು ಅಳೆದದ್ದಲ್ಲ ಎಂಬುದು ನೆನಪಿರಲಿ. ಇಂಥ ನಕ್ಷೆಗಳಿಗೆ ಬಹುಮಟ್ಟಿಗೆ ಆಧಾರವಾಗಿರುವುದು 2000ದ ಫೆಬ್ರವರಿಯಲ್ಲಿ ನಾಸಾದ ಷಟಲ್ ಹನ್ನೊಂದು ದಿನಗಳ ಯಾನದಲ್ಲಿ ರೇಡಾರಿನಿಂದ ಅಳೆದ ದತ್ತಾಂಶ. ಅದರ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ. ಬಯಲಿಗೆ ಅದು ಸಾಕು. ಶೇಷಪರ್ವತದ ಕಿರಿದಾದ ಏಣಿನ ಮೇಲೆ ಬಿಂದು ಇಪ್ಪತ್ತು ಮೀಟರ್ ಪಕ್ಕಕ್ಕೆ ಸರಿದರೂ ನಕ್ಷೆ ಪ್ರಪಾತದೊಳಗಿನ ಎತ್ತರವನ್ನು ಕೊಡುತ್ತದೆ. ರೇಖೆಯಲ್ಲಿ ಇಲ್ಲದ ಗುಂಡಿಗಳು ಮೂಡುವುದು ಹೀಗೆ.

`<ele>` ಇದೆ, ಅಂಕಿಗಳೂ ಬದಲಾಗುತ್ತಿವೆ, ಆದರೂ ಆ್ಯಪಿನ ರೇಖೆ ಅದಕ್ಕೆ ಹೊಂದುವುದಿಲ್ಲವೇ? ಕೆಲವು ಆ್ಯಪುಗಳು ನಿಮ್ಮ ಕಡತದ ಎತ್ತರವನ್ನು ಪಕ್ಕಕ್ಕಿಟ್ಟು ತಮ್ಮದೇ ನಕ್ಷೆಯ ಎತ್ತರವನ್ನು ಹಾಕುತ್ತವೆ, ಮತ್ತು ಅದನ್ನು ಎಲ್ಲೂ ಹೇಳುವುದಿಲ್ಲ. ಪತ್ತೆಹಚ್ಚಲು ಸುಲಭದ ಉಪಾಯವಿದೆ. ಕಡತದ ಒಂದು ಪ್ರತಿಯಲ್ಲಿ ನಡುವಿನ ಯಾವುದೋ ಒಂದೆರಡು ಬಿಂದುಗಳ ಎತ್ತರವನ್ನು 5000 ಎಂದು ಬರೆದು ಮತ್ತೆ ತೆರೆಯಿರಿ. ರೇಖೆಯಲ್ಲಿ ಗೋಪುರದಂತಹ ಮೊನೆ ಎದ್ದರೆ ಆ್ಯಪ್ ನಿಮ್ಮ ಅಂಕಿಗಳನ್ನೇ ಓದುತ್ತಿದೆ. ಏಳದಿದ್ದರೆ ನೀವು ಇಷ್ಟು ಹೊತ್ತು ನೋಡುತ್ತಿದ್ದುದು ನಿಮ್ಮ ವಾಚಿನ ಎತ್ತರವನ್ನಲ್ಲ. ಮುಂದಿನ ಪರೀಕ್ಷೆಗಳಿಗೆ ಮೊನೆ ತೋರಿಸುವ ಆ್ಯಪನ್ನೇ ಬಳಸಿ.

## ಎತ್ತರದ ಅಂಕಿಗಳು ತಪ್ಪು

ಇಲ್ಲಿಂದ ವಿಷಯ ಕಡತದಿಂದ ವಾಚಿಗೆ ಹೋಗುತ್ತದೆ. ಒಂದೇ ಅಂಕಿ ಹಿಡಿದುಕೊಂಡು ವಾಚು ಕೆಟ್ಟಿದೆ ಎನ್ನುವುದು ಸರಿಯಲ್ಲ. ಮೂರು ಕಡೆಯ ಎತ್ತರ ಬರೆದುಕೊಳ್ಳಿ: ಹೊರಟ ಜಾಗ, ಶಿಖರ, ಹೊರಟಲ್ಲಿಗೇ ಮರಳಿದಾಗ. ತಪ್ಪು ಈ ಮೂರರಲ್ಲಿ ಹೇಗೆ ಹಂಚಿಕೊಂಡಿದೆ ಎಂಬುದರಿಂದಲೇ ಕಾರಣ ತಿಳಿಯುತ್ತದೆ.

ಮೂರೂ ಕಡೆ ಒಂದೇ ಪ್ರಮಾಣದ ತಪ್ಪು. ಹೊರಡುವಾಗ 40 ಮೀಟರ್ ಹೆಚ್ಚು, ಶಿಖರದಲ್ಲೂ ಮರಳಿದಾಗಲೂ ಅಷ್ಟೇ ಹೆಚ್ಚು ಎಂದಾದರೆ ಆರಂಭದ ಎತ್ತರ ಹೊಂದಿಸಿಲ್ಲ ಅಷ್ಟೇ. ರೇಖೆಯ ಆಕಾರವೂ ಒಟ್ಟು ಏರಿಕೆಯೂ ಸರಿಯಾಗಿಯೇ ಇರುತ್ತವೆ. ಮುಂದಿನ ಸಲ ಹೊರಡುವ ಮುಂಚೆ, ಗೊತ್ತಿರುವ ಎತ್ತರದ ಜಾಗದಲ್ಲಿ ವಾಚಿಗೆ ಅದನ್ನು ಹೇಳಿಕೊಡಿ.

ತಪ್ಪು 80–90 ಮೀಟರಿನಷ್ಟು ಕಡಿಮೆಯ ಕಡೆಗೇ ಇದ್ದು, ಕಡತ ಫೋನಿನದ್ದಾಗಿದ್ದರೆ ಕಾರಣ ಬೇರೆ. ಉಪಗ್ರಹ ಎತ್ತರ ಕೊಡುವುದು ಗಣಿತದ ನುಣುಪಾದ ಭೂಗೋಳದ ಮೇಲ್ಮೈಯಿಂದ. ನಿಜವಾದ ಸಮುದ್ರಮಟ್ಟ ಆ ಮೇಲ್ಮೈಯನ್ನು ಅನುಸರಿಸುವುದಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಅದು ನೂರು ಮೀಟರಿಗೂ ಹೆಚ್ಚು ಕೆಳಗಿದೆ, ಇಡೀ ಪ್ರಪಂಚದಲ್ಲೇ ಅತಿ ಆಳದ ತಗ್ಗು ಅದು. ಅದರ ಅಂಚಿನಲ್ಲಿರುವ ದಕ್ಷಿಣ ಕರ್ನಾಟಕದಲ್ಲೂ ವ್ಯತ್ಯಾಸ ಎಂಬತ್ತು ಮೀಟರ್ ಮೀರುತ್ತದೆ. ಈ ತಿದ್ದುಪಡಿ ಮಾಡದ ಆ್ಯಪ್ ಮಂಗಳೂರಿನ ಸಮುದ್ರತೀರದಲ್ಲಿ ನಿಂತವರನ್ನು ನೀರಿನೊಳಗೆ ಎಂಬತ್ತು ಮೀಟರ್ ಕೆಳಗೆ ತೋರಿಸುತ್ತದೆ. ಎತ್ತರ ಮೈನಸ್‌ನಲ್ಲಿ ಬಂದದ್ದು ಕಂಡು ಗಾಬರಿಯಾಗಬೇಕಿಲ್ಲ. ಆ್ಯಪಿನಲ್ಲಿ ಸಮುದ್ರಮಟ್ಟದ ಎತ್ತರ ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿ.

ಹೊರಟಾಗ ಒಂದು, ಮರಳಿದಾಗ ಇನ್ನೊಂದು. ಚಾರಣದ ವಾಚುಗಳಲ್ಲಿ ಹೆಚ್ಚಿನವು ಎತ್ತರವನ್ನು ಗಾಳಿಯ ಒತ್ತಡದಿಂದ ಅಳೆಯುತ್ತವೆ. ತಪ್ಪಲಿನಲ್ಲಿ ಒತ್ತಡ ಒಂದು ಮಿಲಿಬಾರ್ ಇಳಿದರೆ ಎಂಟೂವರೆ ಮೀಟರ್ ಹತ್ತಿದಿರಿ ಎಂದು ವಾಚು ತಿಳಿಯುತ್ತದೆ. ನೀವು ಹತ್ತಿದ್ದರಿಂದ ಇಳಿಯಿತೋ ಹವೆ ಬದಲಾದದ್ದರಿಂದ ಇಳಿಯಿತೋ ಎಂಬುದು ಒತ್ತಡವೊಂದರಿಂದಲೇ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮಂಥ ಉಷ್ಣವಲಯದಲ್ಲಿ ಮೋಡವೇ ಇಲ್ಲದ ದಿನವೂ ಒತ್ತಡ ಗಡಿಯಾರ ಹಿಡಿದಂತೆ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಅತಿ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಅತಿ ಕಡಿಮೆ, ನಡುವಿನ ವ್ಯತ್ಯಾಸ ಮೂರು ಮಿಲಿಬಾರಿನ ಆಸುಪಾಸು. ಹತ್ತಕ್ಕೆ ಹೊರಟು ನಾಲ್ಕಕ್ಕೆ ಅದೇ ಜಾಗಕ್ಕೆ ಬಂದವರ ವಾಚು 25 ಮೀಟರ್ ಹೆಚ್ಚು ತೋರಿಸಿದರೆ ಅದರಲ್ಲಿ ದೋಷವೇನೂ ಇಲ್ಲ. ವ್ಯತ್ಯಾಸ ಐವತ್ತು ಮೀರಿದರೆ, ಅಂದು ಹವೆ ಕೆಟ್ಟಿತ್ತೇ ಎಂದು ನೆನಪಿಸಿಕೊಳ್ಳಿ. ಕೆಟ್ಟಿರಲಿಲ್ಲ ಎಂದಾದರೆ ಮುಂದೆ ಬರುವ ರಂಧ್ರದ ಪರೀಕ್ಷೆ ಮಾಡಿ.

ಆರಂಭ, ಅಂತ್ಯ ಹೊಂದುತ್ತವೆ, ಶಿಖರ ಮಾತ್ರ ಗಿಡ್ಡ. ಇದನ್ನು ಬಹಳ ಜನ ಗಮನಿಸುತ್ತಾರೆ, ಕಾರಣ ತಿಳಿದವರು ಕಡಿಮೆ. ಒತ್ತಡವನ್ನು ಎತ್ತರಕ್ಕೆ ಪರಿವರ್ತಿಸುವ ಸೂತ್ರ, ಸಮುದ್ರಮಟ್ಟದಲ್ಲಿ ಗಾಳಿ 15 ಡಿಗ್ರಿ ಇದೆ, ಮೇಲೆ ಹೋದಂತೆ ಕಿಲೋಮೀಟರಿಗೆ ಆರೂವರೆ ಡಿಗ್ರಿ ತಣ್ಣಗಾಗುತ್ತದೆ ಎಂದು ಹಿಡಿದುಕೊಂಡು ಮಾಡಿದ್ದು. ನಮ್ಮ ಘಟ್ಟದ ಗಾಳಿ ಅದಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಬೆಚ್ಚಗಿರುತ್ತದೆ. ಬೆಚ್ಚಗಿನ ಗಾಳಿ ಹಗುರ, ಹಾಗಾಗಿ ಹತ್ತಿದಷ್ಟು ವೇಗವಾಗಿ ಒತ್ತಡ ಇಳಿಯುವುದಿಲ್ಲ, ವಾಚು ಹತ್ತಿದ್ದನ್ನು ಕಡಿಮೆ ಎಣಿಸುತ್ತದೆ. ಹನ್ನೆರಡು ಡಿಗ್ರಿ ಹೆಚ್ಚಿದ್ದರೆ ಕೊರತೆ ಶೇಕಡ ನಾಲ್ಕರಷ್ಟಾಗುತ್ತದೆ. ಉಪಗ್ರಹದ ಎತ್ತರವನ್ನೂ ಬೆರೆಸಿ ಆಗಾಗ ತಿದ್ದಿಕೊಳ್ಳುವ ವಾಚುಗಳಲ್ಲಿ ಇದು ಕಡಿಮೆ ಕಾಣುತ್ತದೆ.

ಒಂದು ಕಡತವನ್ನು ಹಿಡಿದು ಲೆಕ್ಕ ಹಾಕೋಣ. ಕುಕ್ಕೆಯಲ್ಲಿ ಬೆಳಿಗ್ಗೆ 6.42ಕ್ಕೆ 124.6 ಮೀಟರ್, ಹನ್ನೊಂದೂವರೆಗೆ ಕುಮಾರಪರ್ವತದ ತುದಿಯಲ್ಲಿ 1652, ಸಂಜೆ ನಾಲ್ಕೂವರೆಗೆ ಮತ್ತೆ ಕುಕ್ಕೆಯಲ್ಲಿ 143 ಎಂದಿರಲಿ. ಕುಕ್ಕೆಯ ನಿಜವಾದ ಎತ್ತರ ಸುಮಾರು 120, ತುದಿಯದು 1712. ಆರಂಭದ ತಪ್ಪು ಐದು ಮೀಟರಿಗಿಂತ ಕಡಿಮೆ, ಅದನ್ನು ಬಿಟ್ಟುಬಿಡಿ. ಮರಳಿದಾಗ ಹೊರಟಾಗಿನದಕ್ಕಿಂತ ಹದಿನೆಂಟು ಮೀಟರ್ ಹೆಚ್ಚು, ಅಂದರೆ ಎರಡು ಮಿಲಿಬಾರಿನಷ್ಟು ಇಳಿಕೆ. ಬೆಳಗಿನ ಏಳರಿಂದ ಸಂಜೆ ನಾಲ್ಕೂವರೆಗೆ ಇದು ಸಹಜ. ಉಳಿದದ್ದು ತುದಿಯಲ್ಲಿನ 60 ಮೀಟರ್ ಕೊರತೆ. ಹತ್ತಿದ್ದು ಸುಮಾರು 1590 ಮೀಟರ್, ಅದರ ಶೇಕಡ ನಾಲ್ಕು ಅಂದರೆ 64. ಲೆಕ್ಕ ಕೂಡಿಬಂತು. ಈ ವಾಚಿನಲ್ಲಿ ರಿಪೇರಿ ಮಾಡುವಂಥದ್ದೇನೂ ಇಲ್ಲ.

ಇಂಥ ಕಡತಕ್ಕೆ ನನ್ನ ಸಲಹೆ: ಶಿಖರದ ಎತ್ತರವನ್ನು ನಕ್ಷೆಯಿಂದ ತೆಗೆದುಕೊಳ್ಳಿ, ಏರಿಳಿತದ ಆಕಾರವನ್ನು ವಾಚಿನಿಂದ ತೆಗೆದುಕೊಳ್ಳಿ. ಸಣ್ಣ ಇಳಿಜಾರು, ಗಿರಿಗದ್ದೆಯ ಬಳಿಯ ಸಮತಟ್ಟು, ಇಂಥವನ್ನು ಒತ್ತಡಮಾಪಕ ಹಿಡಿಯುವಷ್ಟು ಚೆನ್ನಾಗಿ ನಕ್ಷೆ ಹಿಡಿಯುವುದಿಲ್ಲ. ಪೂರ್ತಿ ಎತ್ತರವನ್ನೇ ನಕ್ಷೆಯಿಂದ ಬದಲಿಸುವ ಗುಂಡಿ ಅನೇಕ ಆ್ಯಪುಗಳಲ್ಲಿ ಇದೆ. ಒತ್ತುವ ಮುಂಚೆ ಪ್ರತಿ ಇಟ್ಟುಕೊಂಡಿದ್ದೀರಾ ಎಂದು ನೋಡಿಕೊಳ್ಳಿ.

## ಒಟ್ಟು ಏರಿಕೆ ಪ್ರತಿ ಆ್ಯಪಿನಲ್ಲೂ ಬೇರೆ

ಸಮತಟ್ಟಿಗೆ ಹತ್ತಿರದ ಕಾಲುದಾರಿಯ ಆರು ಬಿಂದುಗಳ ಎತ್ತರ ಹೀಗಿದೆ ಎಂದುಕೊಳ್ಳಿ: 412.0, 412.8, 412.2, 413.0, 412.4, 413.2. ನಿಜವಾಗಿ ಏರಿದ್ದು 1.2 ಮೀಟರ್. ಏರಿದ ಪ್ರತಿ ಹೆಜ್ಜೆಯನ್ನೂ ಕೂಡಿಸಿದರೆ 0.8ರಂತೆ ಮೂರು ಸಲ, 2.4 ಮೀಟರ್. ಕಡತದ ಪ್ರತಿ ಪುಟ್ಟ ನಡುಕವನ್ನೂ ಕೂಡಿಸುವ ಆ್ಯಪ್ ಇಲ್ಲಿ ದುಪ್ಪಟ್ಟು ಹೇಳಿತು. ಕೆಲವು ಮೀಟರಿಗಿಂತ ಚಿಕ್ಕ ಏರಿಕೆಯನ್ನು ಬಿಟ್ಟುಬಿಡುವ ಆ್ಯಪ್ ಸೊನ್ನೆಯನ್ನೇ ಹೇಳಬಹುದು. ಸಾವಿರಾರು ಬಿಂದುಗಳಲ್ಲಿ ಇದೇ ನಡೆದು ಒಂದು ಕಡೆ 1650, ಇನ್ನೊಂದು ಕಡೆ 2100 ಬರುತ್ತದೆ. ಎರಡೂ ಸುಳ್ಳಲ್ಲ, ಎಣಿಸುವ ರೀತಿ ಬೇರೆ. ಚಾರಣಗಳನ್ನು ಒಂದಕ್ಕೊಂದು ಹೋಲಿಸುವುದಿದ್ದರೆ ಒಂದೇ ಆ್ಯಪಿನ ಅಂಕಿಗಳನ್ನು ಹೋಲಿಸಿ. ಒತ್ತಡಮಾಪಕ ಇಲ್ಲದ, ಬರೀ ಜಿಪಿಎಸ್ ಎತ್ತರದ ವಾಚುಗಳಲ್ಲಿ ನಡುಕ ಇನ್ನೂ ದೊಡ್ಡದು, ಅವುಗಳ ಒಟ್ಟು ಏರಿಕೆಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

## ರೇಖೆಯಲ್ಲಿ ಮೆಟ್ಟಿಲು, ಹಠಾತ್ ಮೊನೆ

ನಡೆಯುತ್ತಲೇ ಇದ್ದಿರಿ, ಆದರೆ ರೇಖೆ ಹತ್ತು ನಿಮಿಷ ಸಪಾಟಾಗಿದ್ದು ಒಮ್ಮೆಲೇ ಮೂವತ್ತು ಮೀಟರ್ ನೆಗೆಯುತ್ತದೆ, ಮತ್ತೆ ಸಪಾಟು. ಇದು ವಾಚಿನ ಪಕ್ಕದ ಅಥವಾ ಹಿಂಬದಿಯ ಪುಟ್ಟ ರಂಧ್ರಗಳು ಕಟ್ಟಿಕೊಂಡ ಲಕ್ಷಣ. ಬೆವರಿನ ಉಪ್ಪು, ಸನ್‌ಸ್ಕ್ರೀನ್, ಕೆಸರು ಅಲ್ಲಿ ಕೂತರೆ ಹೊರಗಿನ ಒತ್ತಡ ಒಳಗೆ ತಡವಾಗಿ ತಲುಪುತ್ತದೆ. ಗಾಳಿ ಜೋರಾಗಿ ಬೀಸುವ ಏಣಿನ ಮೇಲೆ ಮಾತ್ರ ಚೂಪಾದ ಮೊನೆಗಳು ಕಂಡರೆ ಅದು ಗಾಳಿಯ ಹೊಡೆತ, ಅಥವಾ ಬಿಗಿಯಾದ ಜಾಕೆಟ್ ತೋಳಿನ ಒತ್ತು. ಅದಕ್ಕೆ ರಿಪೇರಿ ಬೇಡ.

ತೊಳೆಯುವುದು ಹೀಗೆ: ನೀರು ತಾಳುವ ವಾಚೇ ಎಂದು ಕೈಪಿಡಿಯಲ್ಲಿ ನೋಡಿ, ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಪಿನ್ನು, ಸೂಜಿ, ಹಲ್ಲುಕಡ್ಡಿ ಹಾಕಿ ಚುಚ್ಚಬೇಡಿ, ಪಂಪಿನ ಗಾಳಿ ಹೊಡೆಯಬೇಡಿ. ಒಳಗಿನ ತೆಳುಪೊರೆ ಹರಿದರೆ ಒತ್ತಡಮಾಪಕದ ಜೊತೆಗೆ ನೀರುನಿರೋಧವೂ ಹೋಗುತ್ತದೆ. ಬಿಸಿನೀರು, ಸಾಬೂನು ಬೇಡ.

ಒಣಗಿದ ಮೇಲೆ ಲಿಫ್ಟಿನಲ್ಲಿ ಪರೀಕ್ಷಿಸಿ. ನೆಲಮಾಳಿಗೆ ಬಿಟ್ಟು ಹತ್ತು ಮಹಡಿ ಮೇಲೆ ಹೋದರೆ ಸುಮಾರು 30 ಮೀಟರ್. ದಾಖಲೆ ಶುರುಮಾಡಿ ಮೇಲೆ ಹೋಗಿ, ಎರಡು ನಿಮಿಷ ನಿಂತು, ಕೆಳಗಿಳಿದು ವಾಚಿನ ಕಂಪನಿಯ ಆ್ಯಪಿನಲ್ಲಿ ಎತ್ತರದ ರೇಖೆ ನೋಡಿ. ಒಳಗೆ ಉಪಗ್ರಹ ಸಿಗದಿದ್ದರೂ ಒತ್ತಡದ ಎತ್ತರ ವಾಚಿನ ಮೂಲ ದಾಖಲೆಯಲ್ಲಿ ಇರುತ್ತದೆ, ಅಕ್ಷಾಂಶ, ರೇಖಾಂಶ ಇಲ್ಲದ ಬಿಂದುಗಳು ಜಿಪಿಎಕ್ಸಿಗೆ ಮಾತ್ರ ಬರುವುದಿಲ್ಲ. ರೇಖೆ ಲಿಫ್ಟಿನ ಜೊತೆಗೇ ಏರಿ, ಮೂರು ನಾಲ್ಕು ಮೀಟರಿನ ಒಳಗೆ ಮರಳಿ ಬಂದರೆ ಮಾಪಕ ಚೆನ್ನಾಗಿದೆ. ಲಿಫ್ಟು ನಿಂತ ಮೇಲೂ ನಿಧಾನವಾಗಿ ಏರುತ್ತಲೇ ಇದ್ದರೆ ರಂಧ್ರ ಇನ್ನೂ ಕಟ್ಟಿಕೊಂಡಿದೆ, ಇನ್ನೊಂದು ಸಲ ತೊಳೆಯಿರಿ.

## ಇಲ್ಲಿಗೆ ನಿಲ್ಲಿಸಿ

ಎರಡು ಸಲ ತೊಳೆದ ಮೇಲೂ ಲಿಫ್ಟಿನಲ್ಲಿ ಅಂಕಿ ಅಲುಗಾಡದಿದ್ದರೆ, ಮೇಜಿನ ಮೇಲೆ ಸುಮ್ಮನೆ ಇಟ್ಟ ವಾಚು ಒಂದು ಗಂಟೆಯಲ್ಲಿ ನೂರಾರು ಮೀಟರ್ ಏರಿಳಿದರೆ, ಅಥವಾ ಗಾಜಿನ ಒಳಗೆ ಮಂಜು ಕಟ್ಟಿದ್ದರೆ ಸೇವಾ ಕೇಂದ್ರಕ್ಕೆ ಕೊಡಿ. ಹಿಂಬದಿಯ ಮುಚ್ಚಳ ನೀವೇ ಬಿಚ್ಚಬೇಡಿ, ವಾರಂಟಿಯೂ ಹೋಗುತ್ತದೆ, ಮುಚ್ಚಿದ ಮೇಲೆ ನೀರು ಒಳಹೋಗುವುದಿಲ್ಲ ಎಂಬ ಖಾತ್ರಿಯೂ ಇರುವುದಿಲ್ಲ. ಕೊಡುವಾಗ ಲಿಫ್ಟಿನ ರೇಖೆಯ ಚಿತ್ರವನ್ನೂ, ಸಿಗುವುದಾದರೆ ಅದರ ಮೂಲ `.fit` ಕಡತವನ್ನೂ ಜೊತೆಗೆ ಕೊಡಿ. "ಎತ್ತರ ಸರಿ ಬರುವುದಿಲ್ಲ" ಎಂಬ ದೂರಿಗಿಂತ ಅದು ಬೇಗ ಕೆಲಸ ಮಾಡಿಸುತ್ತದೆ.

ಚಾರಣದ ಕಡತವನ್ನು ಸಹಾಯಕ್ಕೆಂದು ಅಪರಿಚಿತರಿಗೆ ಕಳಿಸುವ ಮುಂಚೆ ಮೊದಲ ಮತ್ತು ಕೊನೆಯ ಬಿಂದುಗಳನ್ನು ನೋಡಿ. ಮನೆಯಿಂದಲೇ ದಾಖಲೆ ಶುರುಮಾಡಿದ್ದರೆ ಮನೆಯ ಬಾಗಿಲೂ, ನೀವು ಹೊರಡುವ ಹೊತ್ತೂ ಅದರಲ್ಲಿವೆ. ಅಷ್ಟು ಭಾಗದ `trkpt`ಗಳನ್ನು ಪ್ರತಿಯಿಂದ ಅಳಿಸಿ ಕಳಿಸಿ.